ಸುಧಾರಿಸಿದ ವಿಡಿಯೋವನ್ನು ಮತ್ತೆ ಹಾಕಿದ್ದೇನೆ: ಅದು ಹಳೆಯದರ ವೀಕ್ಷಣೆಯನ್ನು ತಿನ್ನುತ್ತಿದೆಯೇ ಎಂದು ತಿಳಿಯುವುದು ಹೇಗೆ?

ತಿಕೋಟಾ ಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರ. ತೋಟದ ಕೆಲಸಗಳನ್ನು ತೋರಿಸುವ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ಕಳೆದ ವರ್ಷ ಅಕ್ಟೋಬರ್ 5ರಂದು ಅಕ್ಟೋಬರ್ ಚಾಟ್ನಿಯ, ಎಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಪ್ರೂನಿಂಗ್ ಕೆಲಸದ ಬಗ್ಗೆ ಒಂದು ವಿಡಿಯೋ ಹಾಕಿದ್ದೆ. ಅದರಲ್ಲಿ ಗಾಳಿಯ ಸದ್ದಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ಕಡ್ಡಿಯನ್ನು ಎಷ್ಟನೆಯ ಕಣ್ಣಿನ ಮೇಲೆ ಕತ್ತರಿಸಬೇಕೆಂಬುದೂ ಹತ್ತಿರದಿಂದ ಕಾಣುತ್ತಿರಲಿಲ್ಲ. ಆದ್ದರಿಂದ ಈ ವರ್ಷ ಅದೇ ವಿಷಯವನ್ನು ಕಾಲರ್ ಮೈಕ್ ಹಾಕಿಕೊಂಡು ಹೊಸದಾಗಿ ಚಿತ್ರೀಕರಿಸಿ, ಸೆಪ್ಟೆಂಬರ್ 20ರಂದು ಹಾಕಿದೆ. ಹಳೆಯದನ್ನು ತೆಗೆದಿಲ್ಲ.

ಹಳೆಯದಕ್ಕೆ ಮೊದಲು ದಿನಕ್ಕೆ ಸರಾಸರಿ 150 ವೀಕ್ಷಣೆ ಬರುತ್ತಿತ್ತು, ಈಗ 140 ಬರುತ್ತಿದೆ. ಹೊಸದಕ್ಕೆ 190ರ ಸುಮಾರು ಇದೆ. ಹತ್ತೇ ಕಡಿಮೆಯಾಗಿರುವುದರಿಂದ ತೊಂದರೆಯಿಲ್ಲ ಎಂದು ನನಗೆ ಅನಿಸುತ್ತದೆ, ಆದರೆ ಈ ಲೆಕ್ಕ ಸರಿಯೋ ತಪ್ಪೋ ಎಂಬ ಅನುಮಾನ ಬಿಡುತ್ತಿಲ್ಲ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಮುಧೋಳ ಅಡುಗೆಮನೆ:

ಸರ್, ಒಂದೇ ಚಾನೆಲಿನಲ್ಲಿ ಒಂದೇ ವಿಷಯದ ಎರಡು ವಿಡಿಯೋಗಳಿದ್ದರೆ ಅವು ಹುಡುಕಾಟದಲ್ಲಿ ಒಂದರ ಜಾಗವನ್ನು ಇನ್ನೊಂದು ಕಸಿದುಕೊಳ್ಳುತ್ತವೆ. ಜೋಳದ ರೊಟ್ಟಿಯ ನನ್ನ ಎರಡು ವಿಡಿಯೋಗಳಲ್ಲಿ ಇದನ್ನು ನಾನೇ ನೋಡಿದ್ದೇನೆ. ಯೂಟ್ಯೂಬ್ ಇದನ್ನು ನಕಲು ಎಂದು ಪರಿಗಣಿಸಿ ಇಡೀ ಚಾನೆಲಿಗೇ ಶಿಕ್ಷೆ ಕೊಡುತ್ತದೆ. ಹಳೆಯದನ್ನು ಕೂಡಲೇ ಅಳಿಸಿಬಿಡುವುದು ಒಳ್ಳೆಯದು. ಅದರ ವೀಕ್ಷಣೆಯೆಲ್ಲ ತಾನಾಗಿ ಹೊಸದಕ್ಕೆ ಬರುತ್ತದೆ.

ಗುಳೇದಗುಡ್ಡ ಕಣ:

ನಾನು ಕಣದ ನೇಯ್ಗೆಯ ವಿಡಿಯೋ ಒಂದರಲ್ಲಿ ಆರಂಭದ 40 ಸೆಕೆಂಡುಗಳನ್ನು ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿಯೇ ಕತ್ತರಿಸಿದೆ. ಕೊಂಡಿ ಬದಲಾಗಲಿಲ್ಲ, ವೀಕ್ಷಣೆ, ಕಾಮೆಂಟು ಎಲ್ಲವೂ ಹಾಗೆಯೇ ಉಳಿದವು. ಹೀಗಿರುವಾಗ ಮತ್ತೆ ಹಾಕುವ ಅಗತ್ಯವೇನಿತ್ತು ಎಂದು ನನಗೆ ತಿಳಿಯಲಿಲ್ಲ.

ಬೆಳಗಾವಿ ಪಟ್ಟಿಲೆಕ್ಕ:

ಅಕ್ಕಾರೇ, ನಿಮ್ಮದು ಕತ್ತರಿಸುವ ಕೆಲಸವಾಗಿದ್ದರಿಂದ ಅದೇ ಕೊಂಡಿಯಲ್ಲಿ ನಡೆಯಿತು. ಹೊಸದಾಗಿ ಚಿತ್ರೀಕರಿಸಿದ ದೃಶ್ಯವನ್ನು ಹಳೆಯ ಕೊಂಡಿಯೊಳಗೆ ಸೇರಿಸಲು ಯೂಟ್ಯೂಬ್ ಅವಕಾಶ ಕೊಡುವುದಿಲ್ಲ. ಬಳ್ಳಿಯವರು ಮತ್ತೆ ಹಾಕಲೇಬೇಕಾಗಿತ್ತು.

ಮುಧೋಳದವರು ಹೇಳಿದ ಮೊದಲ ಮಾತು ಸರಿ, ಎರಡು ವಿಡಿಯೋಗಳು ಒಂದೇ ಹುಡುಕಾಟದಲ್ಲಿ ಪರಸ್ಪರ ಎದುರಾಗಬಹುದು. ಆದರೆ ತಾನೇ ಚಿತ್ರೀಕರಿಸಿದ ವಿಷಯವನ್ನು ಒಮ್ಮೆ ಉತ್ತಮಪಡಿಸಿ ಹಾಕಿದ್ದಕ್ಕೆ ಚಾನೆಲಿಗೆ ಶಿಕ್ಷೆ ಎಂಬುದಿಲ್ಲ, ಅಳಿಸಿದ ವಿಡಿಯೋದ ವೀಕ್ಷಣೆ ಮತ್ತೊಂದಕ್ಕೆ ವರ್ಗವಾಗುವುದೂ ಇಲ್ಲ. ಅಳಿಸಿದರೆ ರೈತರ ವಾಟ್ಸಾಪ್ ಗುಂಪುಗಳಲ್ಲಿ ವರ್ಷದಿಂದ ಓಡಾಡುತ್ತಿರುವ ಕೊಂಡಿ ಸತ್ತುಹೋಗುತ್ತದೆ. ಇದರ ಜೊತೆಗೆ, ಜಾಹೀರಾತು ಆದಾಯದ ಅರ್ಹತೆಗಾಗಿ ಇನ್ನೂ 4000 ಗಂಟೆಗಳ ಎಣಿಕೆಯಲ್ಲಿರುವ ಚಾನೆಲಾಗಿದ್ದರೆ, ಅಳಿಸಿದ ಅಥವಾ ಖಾಸಗಿ ಮಾಡಿದ ವಿಡಿಯೋದ ಗಂಟೆಗಳು ಆ ಎಣಿಕೆಯಿಂದ ಹೊರಗೆ ಹೋಗುತ್ತವೆ. ದಯವಿಟ್ಟು ಸದ್ಯಕ್ಕೆ ಏನನ್ನೂ ಅಳಿಸಬೇಡಿ.

ಈಗ ಮುಖ್ಯ ವಿಷಯ. ಬಳ್ಳಿಯವರೇ, ನೀವು 150ನ್ನು 140ರ ಪಕ್ಕದಲ್ಲಿ ಇಟ್ಟು ನೋಡುತ್ತಿದ್ದೀರಿ. ಆದರೆ ಚಾಟ್ನಿಯ ಹಂಗಾಮು ಸಮೀಪಿಸಿದಂತೆಲ್ಲ ಈ ವಿಷಯವನ್ನು ಹುಡುಕುವವರ ಸಂಖ್ಯೆ ಹೆಚ್ಚುತ್ತದೆ. ಹೊಸ ವಿಡಿಯೋ ಇಲ್ಲದಿದ್ದರೆ ಹಳೆಯದು 150ರಲ್ಲಿಯೇ ನಿಲ್ಲುತ್ತಿರಲಿಲ್ಲ, ಏರುತ್ತಿತ್ತು. ಎಷ್ಟಕ್ಕೆ ಏರುತ್ತಿತ್ತು ಎಂಬುದನ್ನು ಅಂದಾಜು ಮಾಡಿ, 140ನ್ನು ಆ ಅಂದಾಜಿನ ಪಕ್ಕದಲ್ಲಿ ಇಡಬೇಕು. ಕಳೆದ ವರ್ಷದ ಇದೇ ದಿನಗಳ ಅಂಕಿ ಇಲ್ಲಿ ನೆರವಾಗುವುದಿಲ್ಲ, ಏಕೆಂದರೆ ಆಗ ಆ ವಿಡಿಯೋ ಇನ್ನೂ ಹುಟ್ಟಿರಲಿಲ್ಲ ಅಥವಾ ಆಗಷ್ಟೇ ಹುಟ್ಟಿತ್ತು.

ಆದ್ದರಿಂದ ಹಂಗಾಮಿನ ಏರಿಕೆ ಎಷ್ಟೆಂದು ಅಳೆಯಲು ನಿಮ್ಮದೇ ಚಾನೆಲಿನಲ್ಲಿ ಒಂದು ಸಾಕ್ಷಿ ವಿಡಿಯೋವನ್ನು ಆರಿಸಿಕೊಳ್ಳಿ. ಅದು ಇದೇ ಹಂಗಾಮಿನದಾಗಿರಬೇಕು, ಹೆಚ್ಚಿನ ವೀಕ್ಷಣೆ ಅದಕ್ಕೂ ಹುಡುಕಾಟದಿಂದಲೇ ಬರುತ್ತಿರಬೇಕು, ಮತ್ತು ಅದನ್ನು ನೀವು ಮತ್ತೆ ಮಾಡಿರಬಾರದು. ಹೊಸ ವಿಡಿಯೋದ ಕೊನೆಯ ಪರದೆಯಲ್ಲಿ ಅಥವಾ ವಿವರಣೆಯಲ್ಲಿ ಆ ಸಾಕ್ಷಿಯ ಕೊಂಡಿಯನ್ನು ಹಾಕಿರಬಾರದು ಎಂಬುದನ್ನು ಮರೆಯಬೇಡಿ. ಹಾಕಿದ್ದರೆ ಹೊಸದೇ ಅದಕ್ಕೆ ವೀಕ್ಷಕರನ್ನು ಕಳುಹಿಸುತ್ತಿರುತ್ತದೆ, ಅಂಥ ಸಾಕ್ಷಿಯ ಮಾತನ್ನು ನಂಬುವಂತಿಲ್ಲ.

ಅಂಕಿಗಳನ್ನು ತೆಗೆಯುವಾಗ ಹೊಸ ವಿಡಿಯೋದ ಮೊದಲ ಏಳು ದಿನಗಳನ್ನು ಬಿಟ್ಟುಬಿಡಿ, ಆ ದಿನಗಳಲ್ಲಿ ಚಂದಾದಾರರಿಗೆ ಹೋದ ಸೂಚನೆಗಳಿಂದ ಬರುವ ವೀಕ್ಷಣೆ ಹೆಚ್ಚಿರುತ್ತದೆ. ಆಗಸ್ಟ್ 30ರಿಂದ ಸೆಪ್ಟೆಂಬರ್ 19ರವರೆಗಿನ 21 ದಿನಗಳನ್ನು ಮೊದಲಿನ ಅವಧಿಯೆಂದೂ, ಸೆಪ್ಟೆಂಬರ್ 27ರಿಂದ ಅಕ್ಟೋಬರ್ 17ರವರೆಗಿನ 21 ದಿನಗಳನ್ನು ನಂತರದ ಅವಧಿಯೆಂದೂ ಇಟ್ಟುಕೊಳ್ಳಿ. ಅನಾಲಿಟಿಕ್ಸ್‌ನ `Advanced mode`ನಲ್ಲಿ ಮೂರೂ ವಿಡಿಯೋಗಳ `Traffic source` ಪಟ್ಟಿಯನ್ನು, ಎಂದರೆ ವೀಕ್ಷಣೆ ಎಲ್ಲೆಲ್ಲಿಂದ ಬಂತು ಎಂಬುದನ್ನು, ಎರಡೂ ಅವಧಿಗೆ ತೆಗೆದು ಇಲ್ಲಿ ಹಾಕಿದರೆ ಮುಂದಿನದನ್ನು ಕೂಡಿ ನೋಡೋಣ.

ತಿಕೋಟಾ ಬಳ್ಳಿ:

ಸರ್, ತುಂಬ ಉಪಕಾರವಾಯಿತು. ಚಾಟ್ನಿಯ ನಂತರ ಕಡ್ಡಿಗೆ ಪೇಸ್ಟ್ ಹಚ್ಚುವ ವಿಡಿಯೋ ಒಂದಿದೆ, ಅದಕ್ಕೆ ಹೊಸದರಿಂದ ಯಾವ ಕೊಂಡಿಯನ್ನೂ ಕೊಟ್ಟಿಲ್ಲ. ಅದರ ವೀಕ್ಷಣೆ ದಿನಕ್ಕೆ 80 ಇದ್ದದ್ದು 120 ಆಗಿದೆ.

ಹಳೆಯ ಚಾಟ್ನಿ ವಿಡಿಯೋಗೆ ಹುಡುಕಾಟದಿಂದ ದಿನಕ್ಕೆ 100 ಬರುತ್ತಿದ್ದದ್ದು ಈಗ 95 ಆಗಿದೆ. `Suggested videos`ನಿಂದ ಬರುತ್ತಿದ್ದ 30 ಈಗ 20ಕ್ಕೆ ಇಳಿದಿದೆ. ಉಳಿದ ಎಲ್ಲ ಮೂಲಗಳು ಸೇರಿ 20 ಇದ್ದದ್ದು 25 ಆಗಿದೆ. ಹೊಸದರ 190ರಲ್ಲಿ 70 ಹುಡುಕಾಟದಿಂದಲೂ 90 ಸೂಚಿತ ವಿಡಿಯೋಗಳಿಂದಲೂ 30 ಬೇರೆ ಮೂಲಗಳಿಂದಲೂ ಬಂದಿವೆ.

ಬೆಳಗಾವಿ ಪಟ್ಟಿಲೆಕ್ಕ:

ಸಾಕ್ಷಿ ವಿಡಿಯೋ ಒಂದೂವರೆ ಪಟ್ಟು ಬೆಳೆದಿದೆ. ಹಳೆಯದೂ ಅಷ್ಟೇ ಬೆಳೆಯಬೇಕಾಗಿತ್ತು ಎಂದು ಹಿಡಿದರೆ ಲೆಕ್ಕ ಹೀಗೆ ಬರುತ್ತದೆ:

```
ನಿರೀಕ್ಷೆ  = 150 × (120 ÷ 80) = 225
ಕೊರತೆ  = 225 − 140 = 85
ನಿವ್ವಳ ಲಾಭ = (140 + 190) − 225 = 105
```

ಎಂದರೆ ನಿಮಗೆ ಹತ್ತರ ಇಳಿಕೆಯಾಗಿ ಕಂಡದ್ದು ನಿಜದಲ್ಲಿ ಸುಮಾರು 85ರ ಕೊರತೆ. ಹೊಸದರ 190 ವೀಕ್ಷಣೆಗಳಲ್ಲಿ ಅರ್ಧಕ್ಕೆ ತುಸು ಕಡಿಮೆ ಹಳೆಯದರಿಂದ ಬಂದಿವೆ, ಉಳಿದ 105 ಚಾನೆಲಿಗೆ ಹೊಸದಾಗಿ ಸೇರಿವೆ. ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಕಾಳಿನ ಜೊತೆಗೆ ಹೊರಗಿನಿಂದಲೂ ಕಾಳು ಬಂದಿದೆ ಎಂದು ತಿಳಿಯಿರಿ.

ಮೂಲವಾರು ನೋಡಿದರೆ ಹುಡುಕಾಟದಲ್ಲಿ 150 ಇರಬೇಕಾದದ್ದು 95 ಇದೆ, 55ರ ಕೊರತೆ. ಸೂಚಿತ ವಿಡಿಯೋಗಳಲ್ಲಿ 25ರ ಕೊರತೆ, ಉಳಿದದ್ದರಲ್ಲಿ 5. ಹೆಚ್ಚಿನ ಹೊಡೆತ ಹುಡುಕಾಟದಲ್ಲಿಯೇ ಬಿದ್ದಿರುವುದರಿಂದ, ಅಲ್ಲಿ ಏನಾಗಿದೆ ಎಂಬುದನ್ನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಡುವುದು ಒಳ್ಳೆಯದು. ಹಳೆಯದರ ಹುಡುಕಾಟದ ಇಂಪ್ರೆಶನ್ ಎಷ್ಟು, ಎಂದರೆ ಹುಡುಕಿದವರ ಮುಂದೆ ಅದು ಎಷ್ಟು ಸಲ ಕಾಣಿಸಿಕೊಂಡಿದೆ, ಅದರ ಮೇಲೆ ಕ್ಲಿಕ್ ಮಾಡುವವರ ಪ್ರಮಾಣ ಎಷ್ಟು ಎಂಬುದನ್ನು ಎರಡೂ ಅವಧಿಗೆ ತಿಳಿಸಿ. ಇಂಪ್ರೆಶನ್ನೇ ಕುಸಿದಿದ್ದರೆ ಯೂಟ್ಯೂಬ್ ಹಳೆಯದನ್ನು ಮೊದಲಿನಷ್ಟು ತೋರಿಸುತ್ತಿಲ್ಲ ಎಂದರ್ಥ. ಇಂಪ್ರೆಶನ್ ಬೆಳೆದೂ ಕ್ಲಿಕ್ಕಿನ ಪ್ರಮಾಣ ಇಳಿದಿದ್ದರೆ, ಎರಡನ್ನೂ ಒಟ್ಟಿಗೆ ಕಂಡ ರೈತ ಹೊಸದನ್ನು ಆರಿಸಿಕೊಳ್ಳುತ್ತಿದ್ದಾನೆ ಎಂದು ಊಹಿಸಬಹುದು.

ತಿಕೋಟಾ ಬಳ್ಳಿ:

ನೋಡಿದೆ ಸರ್. ಹುಡುಕಾಟದಲ್ಲಿ ಹಳೆಯದರ ಇಂಪ್ರೆಶನ್ ದಿನಕ್ಕೆ 1250 ಇದ್ದದ್ದು 1900 ಆಗಿದೆ, ಆದರೆ ಕ್ಲಿಕ್ಕಿನ ಪ್ರಮಾಣ ಶೇ. 8ರಿಂದ ಶೇ. 5ಕ್ಕೆ ಇಳಿದಿದೆ. ಪೇಸ್ಟ್ ವಿಡಿಯೋದ ಪ್ರಮಾಣದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹುಡುಕಿದ ಪದಗಳ ಪಟ್ಟಿಯನ್ನೂ ತೆರೆದು ನೋಡಿದೆ. ‘ಅಕ್ಟೋಬರ್ ಚಾಟ್ನಿ’ ಎಂಬ ಪದದಿಂದ ಬರುವ ವೀಕ್ಷಣೆ ಹಳೆಯದರಲ್ಲಿ ಇಳಿದು ಹೊಸದರಲ್ಲಿ ಏರಿದೆ. ‘ದ್ರಾಕ್ಷಿ ಪ್ರೂನಿಂಗ್’ ಎಂದು ಹುಡುಕುವವರು ಮಾತ್ರ ಈಗಲೂ ಹಳೆಯದಕ್ಕೇ ಬರುತ್ತಿದ್ದಾರೆ. ಹೊಸದರ ಶೀರ್ಷಿಕೆಯಲ್ಲಿ ಆ ಪದವನ್ನು ನಾನು ಬಳಸಿಯೇ ಇಲ್ಲ ಎಂಬುದು ಇದನ್ನು ನೋಡಿದ ಮೇಲೆಯೇ ನೆನಪಾಯಿತು.

ಇನ್ನೊಂದು ಸಂಗತಿ. ಹೊಸದಕ್ಕೆ ಸೂಚಿತ ವಿಡಿಯೋಗಳಿಂದ ಬಂದ 90ರಲ್ಲಿ ದಿನಕ್ಕೆ 20ರಷ್ಟು ನನ್ನ ಹಳೆಯ ವಿಡಿಯೋದಿಂದಲೇ ಬಂದಿವೆ.

ಬೆಳಗಾವಿ ಪಟ್ಟಿಲೆಕ್ಕ:

ಆ 20ನ್ನು ಬೇರೆಯಾಗಿ ಇಡಬೇಕು. ಅವರು ಹಳೆಯದನ್ನು ತೆರೆದ ಮೇಲೆ ಹೊಸದಕ್ಕೆ ಹೋದವರಾದ್ದರಿಂದ ಎರಡೂ ಕಡೆ ಎಣಿಕೆಯಾಗಿದ್ದಾರೆ. ಹಳೆಯದರಿಂದ ಕಸಿದದ್ದು ಎಂದು ಅವರನ್ನು ಲೆಕ್ಕ ಹಾಕುವಂತಿಲ್ಲ, ಚಾನೆಲಿಗೆ ಬಂದ ಹೊಸಬರು ಎಂದೂ ಹೇಳುವಂತಿಲ್ಲ. 105ರ ಲಾಭದಲ್ಲಿ ಹೊಸ ಜನರ ಪಾಲು 85ರ ಹತ್ತಿರ ಎಂದು ಇಟ್ಟುಕೊಳ್ಳುವುದು ಸುರಕ್ಷಿತ.

ನಾನಾಗಿದ್ದರೆ ವೀಕ್ಷಣೆಗಿಂತ ನೋಡಿದ ಸಮಯಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಎರಡರ ಸರಾಸರಿ ವೀಕ್ಷಣಾ ಅವಧಿ ಎಷ್ಟಿದೆ?

ತಿಕೋಟಾ ಬಳ್ಳಿ:

ಹಳೆಯದರದು ಎರಡೂ ಅವಧಿಗಳಲ್ಲಿ ಮೂರೂವರೆ ನಿಮಿಷ, ಹೊಸದರದು ಐದು ನಿಮಿಷ. ನೀವು ತೋರಿಸಿದ ಕ್ರಮದಲ್ಲಿಯೇ ಗುಣಿಸಿ ನೋಡಿದೆ. ಹಳೆಯದೊಂದೇ ಇದ್ದಿದ್ದರೆ ದಿನಕ್ಕೆ ಸುಮಾರು 787 ನಿಮಿಷ ಆಗುತ್ತಿತ್ತು, ಈಗ ಎರಡೂ ಸೇರಿ 1440 ಆಗಿದೆ. ಮಾತು ಸ್ಪಷ್ಟವಾಗಿ ಕೇಳಿದ್ದಕ್ಕೆ ರೈತರು ಹೆಚ್ಚು ಹೊತ್ತು ನಿಂತು ನೋಡಿದ್ದಾರೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಮುಧೋಳ ಅಡುಗೆಮನೆ:

ಅಳಿಸುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಸಲಹೆ. ಹಳೆಯದನ್ನು ಎರಡು ವಾರ ‘ಅನ್‌ಲಿಸ್ಟೆಡ್’ ಮಾಡಿ, ಎಂದರೆ ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ ಇಟ್ಟು ನೋಡಿದರೆ, ಹೊಸದು ಆ 140ನ್ನೂ ತುಂಬಿಕೊಳ್ಳುತ್ತದೆಯೋ ಇಲ್ಲವೋ ಎಂಬುದು ನೇರವಾಗಿಯೇ ತಿಳಿಯುತ್ತದೆಯಲ್ಲವೇ? ವಾಟ್ಸಾಪಿನ ಕೊಂಡಿಯೂ ಸಾಯುವುದಿಲ್ಲ.

ಬೆಳಗಾವಿ ಪಟ್ಟಿಲೆಕ್ಕ:

ಕೊಂಡಿ ಉಳಿಯುತ್ತದೆ ಎಂಬುದು ನಿಜ. ಆದರೆ ಇಷ್ಟರಲ್ಲಿಯೇ ಚಾಟ್ನಿಯ ಹಂಗಾಮು ಇಳಿಯಲು ಆರಂಭವಾಗುತ್ತದೆ, ಆಗ ಕಾಣುವ ಇಳಿಕೆ ಹಂಗಾಮಿನದೋ ಪ್ರಯೋಗದ್ದೋ ಎಂದು ಬಿಡಿಸುವುದು ಕಷ್ಟ. ‘ದ್ರಾಕ್ಷಿ ಪ್ರೂನಿಂಗ್’ ಎಂದು ಹುಡುಕಿ ಬರುವವರೂ ಅಷ್ಟು ದಿನ ತಪ್ಪಿಹೋಗುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ, ಆದರೆ ಮಾಡಲೇಬಾರದು ಎಂದು ವಾದಿಸುವಷ್ಟು ಆಧಾರವೂ ನನ್ನಲ್ಲಿಲ್ಲ. ನನ್ನ ಲೆಕ್ಕವೂ ಒಂದೇ ಸಾಕ್ಷಿಯ ಮೇಲೆ ನಿಂತಿದೆ. ಪೇಸ್ಟ್ ವಿಡಿಯೋ ಒಂದೂವರೆ ಪಟ್ಟಿನ ಬದಲು ಒಂದೂಕಾಲು ಪಟ್ಟು ಮಾತ್ರ ಬೆಳೆದಿದ್ದರೆ ಕೊರತೆ 85ರಿಂದ 47ರ ಆಸುಪಾಸಿಗೆ ಇಳಿಯುತ್ತಿತ್ತು. ಇನ್ನೆರಡು ಸಾಕ್ಷಿ ವಿಡಿಯೋಗಳು ಸಿಕ್ಕರೆ ಮೂರನ್ನೂ ಒಂದು ಗ್ರೂಪಿಗೆ ಸೇರಿಸಿ, ಅವುಗಳ ಒಟ್ಟು ಬೆಳವಣಿಗೆಯನ್ನು ಹಿಡಿಯಿರಿ.

ಗುಳೇದಗುಡ್ಡ ಕಣ:

ನನ್ನ ಚಾನೆಲಿನಲ್ಲಿ ಇರುವುದೇ ಒಂಬತ್ತು ವಿಡಿಯೋಗಳು, ಒಂದಕ್ಕೊಂದು ಸಂಬಂಧವಿಲ್ಲ. ನಾನೂ ಮಗ್ಗ ಹೂಡುವ ವಿಡಿಯೋವನ್ನು ಮತ್ತೆ ಮಾಡಬೇಕೆಂದಿದ್ದೇನೆ. ಸಾಕ್ಷಿಯೇ ಇಲ್ಲದವರು ಏನು ಮಾಡಬೇಕು?

ಬೆಳಗಾವಿ ಪಟ್ಟಿಲೆಕ್ಕ:

ಅಕ್ಕಾರೇ, ಆಗ ‘ಇಷ್ಟು ಕಡಿಮೆಯಾಯಿತು’ ಎಂದು ಅಂಕಿಯಲ್ಲಿ ಹೇಳಲು ಬರುವುದಿಲ್ಲ. ಹುಡುಕಿದ ಪದಗಳ ಪಟ್ಟಿಯನ್ನು ಹೊಸದು ಹಾಕುವ ಮುಂಚೆಯೇ ಒಮ್ಮೆ ಇಳಿಸಿಟ್ಟುಕೊಳ್ಳಿ. ನಂತರ ಯಾವ ಪದ ಹಳೆಯದರಲ್ಲಿ ಇಳಿದು ಹೊಸದರಲ್ಲಿ ಏರಿತು ಎಂಬುದನ್ನು ಮಾತ್ರ ಗಮನಿಸಿ. ಹಳೆಯದಕ್ಕೆ ಮುಖ್ಯವಾಗಿ ಬರುತ್ತಿರುವ ಪದ ಯಾವುದು ಎಂಬುದನ್ನು ಇಲ್ಲಿ ತಿಳಿಸಿದರೆ, ಹೊಸದರ ಶೀರ್ಷಿಕೆ ಅದಕ್ಕೆ ಅಡ್ಡ ಬರುತ್ತದೆಯೇ ಎಂದು ಮೊದಲೇ ನೋಡಬಹುದು.

ತಿಕೋಟಾ ಬಳ್ಳಿ:

ಹಳೆಯದನ್ನು ಹಾಗೆಯೇ ಇಟ್ಟು, ಅದರ ಮೊದಲ ಕಾಮೆಂಟಿನಲ್ಲಿ ಹೊಸದರ ಕೊಂಡಿಯನ್ನು ಪಿನ್ ಮಾಡಿದ್ದೇನೆ. ಹೊಸದರ ಶೀರ್ಷಿಕೆಯಲ್ಲಿ ‘ಪ್ರೂನಿಂಗ್’ ಎಂಬ ಪದವನ್ನು ಸದ್ಯಕ್ಕೆ ಸೇರಿಸುವುದಿಲ್ಲ, ಆ ದಾರಿಯಿಂದ ಬರುವವರು ಹಳೆಯದಕ್ಕೇ ಬರಲಿ. ಏಪ್ರಿಲ್ ಚಾಟ್ನಿಯ ವಿಡಿಯೋವನ್ನೂ ಮತ್ತೆ ಮಾಡುವುದಿದೆ. ಈ ಸಲ ಮೂರು ಸಾಕ್ಷಿ ವಿಡಿಯೋಗಳನ್ನು ಮಾರ್ಚ್ ತಿಂಗಳಲ್ಲಿಯೇ ಆರಿಸಿ, ಅವುಗಳ ಅಂಕಿಯನ್ನು ಬರೆದಿಟ್ಟುಕೊಂಡ ಮೇಲೆಯೇ ಹಾಕುತ್ತೇನೆ, ಫಲಿತಾಂಶವನ್ನು ಇಲ್ಲಿಯೇ ತಿಳಿಸುತ್ತೇನೆ.