ಮಕ್ಕಳ ಸಂತೆಯಲ್ಲಿ ಗಿರ್ಮಿಟ್ ಅಂಗಡಿ: ಎಷ್ಟು ಪ್ಲೇಟ್ ಮಾರಿದರೆ ಅಸಲು ಬರುತ್ತೆ?

ಧಾರವಾಡದ ತಾಯಿ: ಮಗಳು ಎಂಟನೇ ಕ್ಲಾಸು. ಶಾಲೆಯ ಮಕ್ಕಳ ಸಂತೆಯಲ್ಲಿ ಗಿರ್ಮಿಟ್ ಮಾರ್ತಾಳಂತೆ, ಪ್ಲೇಟಿಗೆ 20 ರೂಪಾಯಿ. ಜಾಗದ ಬಾಡಿಗೆ 150, ಬೋರ್ಡಿಗೆ 60, ಆಟೋಗೆ 90. ಒಂದು ಪ್ಲೇಟಿನ ಸಾಮಾನು 11 ರೂಪಾಯಿ: ಗೊಜ್ಜು 5, ಚುರಮುರಿ 3, ಸೇವು ಮತ್ತು ಪುಟಾಣಿ ಹಿಟ್ಟು 2, ಪ್ಲೇಟು 1. 60 ಪ್ಲೇಟಿನಷ್ಟು ಸಾಮಾನು ತರುವ ಯೋಚನೆ. ಎಷ್ಟು ಮಾರಿದರೆ ಹಾಕಿದ ದುಡ್ಡು ವಾಪಸ್ ಬರುತ್ತೆ?

ಹುಬ್ಬಳ್ಳಿಯ ಕಾಲೇಜು ಹುಡುಗ: ಸಿಂಪಲ್ ಅಕ್ಕಾ. ಖರ್ಚು 300, ಸಾಮಾನು 660, ಒಟ್ಟು 960. ಅದನ್ನು 20ರಿಂದ ಭಾಗಿಸಿದರೆ 48.

ಹುಬ್ಬಳ್ಳಿಯ ಲೆಕ್ಕ ಪರಿಶೋಧಕರು: ತಮ್ಮಾ, ನಿನ್ನ ಲೆಕ್ಕ ಅರ್ಧ ಸರಿ. ಉಳಿದದ್ದೆಲ್ಲ ಕಸದ ಬುಟ್ಟಿಗೆ ಹೋಗುತ್ತೆ ಅಂದರೆ ಮಾತ್ರ 48. ಹಾಗೇನಿಲ್ಲವಲ್ಲ, ಮಾರದೆ ಉಳಿದ ಚುರಮುರಿ ಸಂಜೆ ಮನೆಯಲ್ಲೇ ಖರ್ಚಾಗುತ್ತೆ.

ಶಾಲೆಯ ಪುಸ್ತಕದ ರೀತಿಯಲ್ಲಿ ಮಾಡಿದರೆ ಪ್ಲೇಟಿಗೆ ಉಳಿಯುವುದು 20ರಲ್ಲಿ 11 ಕಳೆದು 9. 300ನ್ನು 9ರಿಂದ ಭಾಗಿಸಿದರೆ 33 ದಾಟುತ್ತೆ, ಅಂದರೆ 34 ಪ್ಲೇಟು. ಅರ್ಧ ಪ್ಲೇಟು ಮಾರೋಕೆ ಆಗಲ್ಲ, ಹಾಗಾಗಿ ಯಾವಾಗಲೂ ಮೇಲಿನ ಸಂಖ್ಯೆಯನ್ನೇ ಹಿಡಿಯಬೇಕು. ಆದರೆ ಈ 34 ನಿಜವಾಗಬೇಕಾದರೆ ಮಾರದ ಪ್ಲೇಟಿನ ಖರ್ಚು ಬೀಳಲೇಬಾರದು. ಗಿರ್ಮಿಟ್ಟಿನಲ್ಲಿ ಅದು ಆಗಲ್ಲ. ಈರುಳ್ಳಿ, ಟೊಮೆಟೊ ಹುರಿದು ಹುಣಸೆ ಹುಳಿ ಹಾಕಿ ಗೊಜ್ಜು ಕುದಿಸಿದ ಮೇಲೆ, ಒಬ್ಬರೂ ಬರದಿದ್ದರೂ ಆ ದುಡ್ಡು ಹೋದಂತೆ. ಬಾಡಿಗೆ ಹೇಗೋ ಗೊಜ್ಜೂ ಹಾಗೆ.

60 ಪ್ಲೇಟಿನ ಗೊಜ್ಜು ಮಾಡಿದರೆ 300. ಬಾಡಿಗೆ, ಬೋರ್ಡು, ಆಟೋ ಸೇರಿ 600 ಮೊದಲೇ ಹೋಯಿತು. ಇನ್ನು ಪ್ಲೇಟಿಗೆ ಬೀಳುವುದು ಬರೀ 6 ರೂಪಾಯಿ, ಉಳಿಯುವುದು 14. 600ನ್ನು 14ರಿಂದ ಭಾಗಿಸಿ, 43 ಪ್ಲೇಟು. ಚುರಮುರಿಯನ್ನು ಗಿರಾಕಿ ಬಂದಾಗಲೇ ಕಲಸುತ್ತೀರಿ ಅಂತ ಇಟ್ಟುಕೊಂಡು ಹೇಳಿದ ಲೆಕ್ಕ ಇದು. ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತೆ, ಆಗ ತಮ್ಮನ 48ಕ್ಕೇ ಹೋಗ್ತೀರಿ.

ಗದಗಿನ ಮಿರ್ಚಿ ಬಂಡಿಯವರು: ನಮ್ಮ ಕಡಾಯಿಯ ಎಣ್ಣೆಯೂ ಹಾಗೇರೀ. 10 ಮಿರ್ಚಿ ಕರಿದರೂ 100 ಕರಿದರೂ ಕಡಾಯಿ ತುಂಬ ಸುರೀಬೇಕು. ಅದಕ್ಕೆ ಮಿರ್ಚಿಗಿಷ್ಟು ಎಣ್ಣೆ ಅಂತ ನಾನು ಲೆಕ್ಕ ಇಡೋದೇ ಇಲ್ಲ. ಅಂದಹಾಗೆ ಅಕ್ಕಾರ, ಗೊಜ್ಜು ನೀರಾಗದಂತೆ ನೋಡ್ಕೊಳ್ರಿ.

ಧಾರವಾಡದ ತಾಯಿ: ಹಾಗಾದರೆ ಗೊಜ್ಜು ಕಡಿಮೆ ಮಾಡಬೇಕಾ ಸರ್?

ಲೆಕ್ಕ ಪರಿಶೋಧಕರು: ಹೌದು ಮೇಡಂ. 40 ಪ್ಲೇಟಿನಷ್ಟು ಮಾಡಿದರೆ 200, ಬಾಡಿಗೆ ಎಲ್ಲ ಸೇರಿ 500. 36 ಪ್ಲೇಟಿಗೆ ಅಸಲು ಬಂತು. ಉಳಿದ 20 ಪ್ಲೇಟಿನ ಈರುಳ್ಳಿ, ಟೊಮೆಟೊ ಹೆಚ್ಚದೆ ಮನೆಯಲ್ಲಿರಲಿ. ಸಂತೆ ಅರ್ಧ ಮುಗಿಯುವ ಹೊತ್ತಿಗೆ 25 ದಾಟಿದ್ದರೆ ಯಾರಾದರೂ ಮನೆಯಲ್ಲಿ ಮಾಡಿ ತಂದುಕೊಡಲಿ. ದಾಟದಿದ್ದರೆ ಆ ಈರುಳ್ಳಿ, ಟೊಮೆಟೊ ಮೊದಲೇ ತಂದ ಸಾಮಾನಾದರೂ ಕೆಡದೆ ನಿಮ್ಮ ಅಡುಗೆಮನೆಗೆ ಬರುತ್ತೆ, ನಷ್ಟವಲ್ಲ. ಹಾಗಂತ ತೀರಾ ಕಡಿಮೆಯೂ ಬೇಡ. 30 ಪ್ಲೇಟಿನದಷ್ಟೇ ಮಾಡಿದರೆ ಒಂದೂ ಉಳಿಯದೆ ಮಾರಿದರೂ 30 ರೂಪಾಯಿ ಕೈಬಿಡುತ್ತೆ.

ಇನ್ನೊಂದು ಮಾತು, ಮಕ್ಕಳ ಅಂಗಡಿಯಲ್ಲಿ ದುಡ್ಡು ಸೋರುವುದು ಗೆಳತಿಯರ ಕೈಯಲ್ಲಿ. 5 ಪ್ಲೇಟು ಸುಮ್ನೆ ಕೊಟ್ಟರೆ ಗುರಿ 36ರಿಂದ 38ಕ್ಕೆ ಏರುತ್ತೆ. ಆದರೆ 40ರ ಗೊಜ್ಜಿನಲ್ಲಿ ಮಾರಲು ಉಳಿಯುವುದು 35 ಮಾತ್ರ. ಎಲ್ಲ ಖಾಲಿಯಾಗಿ, ಭಾರಿ ಜನ ಬಂದರು ಅಂತ ಖುಷಿಯಿಂದ ಮನೆಗೆ ಬರ್ತಾಳೆ, ಡಬ್ಬಿ ಎಣಿಸಿದರೆ 40 ರೂಪಾಯಿ ಕಡಿಮೆ. ಹಾಗಾಗಿ ಮಾರಿದ್ದಕ್ಕೆ ಒಂದು ಗೀಟು, ಪುಕ್ಕಟೆ ಕೊಟ್ಟದ್ದಕ್ಕೆ ಬೇರೆ ಗೀಟು ಹಾಕಲಿ.

ಹಾವೇರಿಯ ಗಣಿತ ಮೇಷ್ಟ್ರು: ಎಲ್ಲ ಸರಿ, ತಾಯಿ ಮನೆಯಲ್ಲಿ ಉರಿಸುವ ಗ್ಯಾಸು? ಅವರ ಬೆಳಗಿನ ಎರಡು ತಾಸು? ಅದನ್ನೂ ಬರೆಸಬೇಕು, ಇಲ್ಲದಿದ್ದರೆ ಮಗು ಲಾಭ ಅಂತ ತಪ್ಪು ತಿಳಿಯುತ್ತೆ.

ಲೆಕ್ಕ ಪರಿಶೋಧಕರು: ಗ್ಯಾಸು ಸೇರಿಸಿ ಮೇಷ್ಟ್ರೇ, ಅದೂ ಗೊಜ್ಜಿನ ಜೊತೆಗೇ ಹೋಗುವ ಖರ್ಚು. ತಾಯಿಯ ಕೂಲಿ ಸೇರಿಸಿದರೆ 36ಕ್ಕೆ ಯಾವ ಮಗುವಿನ ಅಂಗಡಿಗೂ ಅಸಲು ಬರಲ್ಲ. ನಾನಾದರೆ ಬೇರೆ ಸಾಲಿನಲ್ಲಿ ಬರೆಸ್ತೀನಿ.

ಹಾವೇರಿಯ ಗಣಿತ ಮೇಷ್ಟ್ರು: ನಾನು ಅದೇ ಸಾಲಿನಲ್ಲಿ ಬರೆಸ್ತೀನಿ.

ಧಾರವಾಡದ ತಾಯಿ: ನನ್ನ ಕೂಲಿ ಎಷ್ಟು ಅಂತ ಅವಳನ್ನೇ ಕೇಳಿದೆ. 10 ರೂಪಾಯಿ ಅಂದಳು.