ಕಿವಿ ಹಾಲೆ ಎಳೆದರೆ ಜೀವ ಹೋಗುವಷ್ಟು ನೋವು: ಅನುಭವ ಇದ್ದವರು ಹೇಳಿ

ಕೇಳಿದವರು: ಈಜಿ ಬಂದ ಮೇಲೆ ಕಿವಿಯಲ್ಲಿ ನೀರು ನಿಂತ ಹಾಗಾಯ್ತು, ಬಡ್ಸ್ ಹಾಕಿ ಒರೆಸಿದೆ. ಈಗ ಹಾಲೆ ಎಳೆದರೆ ವಿಪರೀತ ನೋವು. ಜ್ವರ ಇಲ್ಲ, ಶೀತ ಇಲ್ಲ. ಮೆಡಿಕಲ್ ಶಾಪಿನವರು ಆಂಟಿಬಯೋಟಿಕ್ ಮಾತ್ರೆ ಕೊಟ್ಟಿದ್ದಾರೆ. ನುಂಗಲಾ?

ಶಿವಮೊಗ್ಗದವಳು: ನನಗೂ ಮೊದಲು ಮಾತ್ರೆಯನ್ನೇ ಕೊಟ್ಟಿದ್ದು. ಕಿವಿಯೊಳಗೆ ಬೆಳಕು ಹಾಕಿ ನೋಡದೆಯೇ "ಒಳಗಿವಿ ಇನ್ಫೆಕ್ಷನ್" ಅಂದರು. 480 ರೂಪಾಯಿ ಮಾತ್ರೆ ಮುಗಿಯಿತು, ನೋವು ಮಾತ್ರ ದವಡೆವರೆಗೂ ಇಳಿಯಿತು, ಅನ್ನ ಅಗಿಯಲೂ ಆಗಲಿಲ್ಲ. ಆಮೇಲೆ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಅವರು ಹಾಲೆ ಹಿಡಿದು ಮೆಲ್ಲಗೆ ಎಳೆದರು, ನಾನು ಕಿರುಚಿದೆ. ಕಿವಿ ದಾರಿ ಊದಿಕೊಂಡು ಮುಚ್ಚಿಯೇ ಹೋಗಿತ್ತು. ಕೊಳೆಯನ್ನೆಲ್ಲ ಸಕ್ಷನ್ ಮಾಡಿ ತೆಗೆದರು, ಅದಕ್ಕೆ 1,200. ಡ್ರಾಪ್ಸ್ ಒಳಗೆ ಇಳಿಯಲಿ ಅಂತ ಸಣ್ಣ ಬತ್ತಿ ತೂರಿಸಿದರು. ಕನ್ಸಲ್ಟೇಶನ್ 600, ಬತ್ತಿ ತೆಗೆಸಲು ಮತ್ತೆ 300. ಮಾತ್ರೆ ದುಡ್ಡು ದಂಡ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಬ್ಬರು ಮಕ್ಕಳ ಅಮ್ಮ: ಮಾತ್ರೆ ದಂಡ ಅನ್ನಬೇಡಿ. ನನ್ನ ಮಗಳಿಗೆ ಶೀತ ಆಗಿತ್ತು, ರಾತ್ರಿ ಜ್ವರ ಬಂತು, ಕಿವಿ ಹಿಡಿದುಕೊಂಡು ಒಂದೇ ಸಮನೆ ಅತ್ತಳು. ಬೆಳಗ್ಗೆ ದಿಂಬಿನ ಮೇಲೆ ಕೀವು. ಕಿವಿ ತಮಟೆ ಒಡೆದಿತ್ತು. ಒಡೆದ ಕೂಡಲೇ ನೋವು ಕಡಿಮೆಯಾಗಿ ನಿದ್ದೆ ಹೋದಳು, ಪಾಪ. ಅಮಾಕ್ಸಿಸಿಲಿನ್ ಸಿರಪ್‌ನಿಂದಲೇ ಗುಣ ಆಯ್ತು.

ಶಿವಮೊಗ್ಗದವಳು: ಅಮ್ಮಾ, ಕೇಳಿದವರಿಗೆ ಶೀತವೂ ಇಲ್ಲ, ಜ್ವರವೂ ಇಲ್ಲ. ಪ್ರಶ್ನೆ ಓದಿ ಉತ್ತರ ಕೊಡಿ.

ಇಬ್ಬರು ಮಕ್ಕಳ ಅಮ್ಮ: ಮಗು ನರಳಿದ್ದನ್ನು ಕಣ್ಣಾರೆ ಕಂಡವಳು ನಾನು. ಒಬ್ಬರಿಗೆ ಬೇಡವಾದ ಔಷಧಿ ಎಲ್ಲರಿಗೂ ಬೇಡ ಅಂತ ಬರೆಯುವುದು ತಪ್ಪು.

ಇಎನ್‌ಟಿ ಓಪಿಡಿ ಸಿಸ್ಟರ್: ಇಬ್ಬರೂ ನಿಮ್ಮ ನಿಮ್ಮ ಕಿವಿಯ ಮಟ್ಟಿಗೆ ಸರಿ. ಹಾಲೆ ಎಳೆದರೆ ಹೊರಗಿನ ದಾರಿಯ ಚರ್ಮ ಜಗ್ಗುತ್ತದೆ, ಅದು ಊದಿಕೊಂಡಿದ್ದರೆ ತಡೆಯಲಾಗದ ನೋವು. ತಮಟೆಯ ಹಿಂದಿನ ಸೋಂಕಿಗೆ ಹಾಲೆ ಎಳೆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಿವಿ ತೂತಿನ ಮುಂದೆ, ಕೆನ್ನೆ ಪಕ್ಕ ಉಬ್ಬಿರುವ ಮೆತ್ತನೆ ಭಾಗ ಒತ್ತಿ ನೋಡಿ. ಅಲ್ಲೂ ನೋವಾದರೆ ಹೊರಗಿವಿಯದೇ ಇರಬಹುದು. ಆದರೆ ತಮಟೆ ಒಡೆದು ಕೀವು ಸೋರಿದರೆ ಅದರಿಂದಲೇ ದಾರಿಯೂ ಕೆರಳುತ್ತದೆ, ಆಗ ಎರಡೂ ಜೊತೆಗಿರುತ್ತವೆ. ಅದಕ್ಕೇ ಒಳಗೆ ನೋಡಲೇಬೇಕು.

ಬರೀ ಹೊರಗಿವಿಯದಾದರೆ ಮುಖ್ಯ ಔಷಧಿ ಡ್ರಾಪ್ಸ್. ಮಾತ್ರೆ ರಕ್ತದ ಮೂಲಕ ಸುತ್ತಿ ಅಲ್ಲಿಗೆ ಸ್ವಲ್ಪವೇ ತಲುಪುತ್ತದೆ, ಹನಿ ನೇರ ಸೋಂಕಿನ ಮೇಲೇ ಬೀಳುತ್ತದೆ. ಜಾಸ್ತಿ ಜನ ಹಾಕುವ ರೀತಿಯೇ ಸರಿ ಇರುವುದಿಲ್ಲ. ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಇಲ್ಲಾಂದ್ರೆ ತಲೆ ಸುತ್ತುತ್ತದೆ. ನೋವಿರುವ ಕಿವಿ ಮೇಲೆ ಬರುವ ಹಾಗೆ ಮಲಗಿ ಹನಿ ಬಿಡಿ, ಆ ಮೆತ್ತನೆ ಭಾಗವನ್ನು ಕೆಲವು ಸಲ ಒತ್ತಿ ಬಿಡಿ, ಐದು ನಿಮಿಷ ಏಳಬೇಡಿ. ಬೇರೆಯವರ ಮನೆಯಲ್ಲಿ ಉಳಿದ ಬಾಟಲಿ ಬೇಡ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿ, ತಮಟೆಯಲ್ಲಿ ತೂತಿದ್ದರೆ ಒಳಗಿವಿಗೆ ಇಳಿದು ಕೇಳಿಸುವಿಕೆಗೇ ಅಪಾಯ ಆಗಬಹುದು.

ಮಲ್ಪೆಯವ: ಸಮುದ್ರದಲ್ಲಿ ಬೆಳೆದವರು ನಾವು. ಈಜುವ ಮೊದಲು ಎರಡು ಹನಿ ಕೊಬ್ಬರಿ ಎಣ್ಣೆ, ನೋವು ಬಂದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ನಮ್ಮ ಅಜ್ಜಿ ಕಾಲದಿಂದ ಹೀಗೇ. ಇಷ್ಟಕ್ಕೆಲ್ಲ ಸಾವಿರಗಟ್ಟಲೆ ಸುರಿಯಬೇಕಾ?

ಇಎನ್‌ಟಿ ಓಪಿಡಿ ಸಿಸ್ಟರ್: ಚೆನ್ನಾಗಿರುವ ಕಿವಿಗೆ ಎಣ್ಣೆ ಹಚ್ಚಿದರೆ ನೀರು ಚರ್ಮಕ್ಕೆ ಅಂಟುವುದು ಕಡಿಮೆ, ಅಷ್ಟು ನಿಜ. ಊದಿದ ಕಿವಿಗೆ ಬಿಟ್ಟರೆ ಒದ್ದೆ ಕೊಳೆ ಒಳಗೇ ಹಿಡಿದುಕೊಳ್ಳುತ್ತದೆ. ಬಿಸಿ ಎಣ್ಣೆಯಿಂದ ದಾರಿ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಮಲ್ಪೆಯವ: ಆಸ್ಪತ್ರೆಯವರು ಎಣ್ಣೆಯನ್ನು ಯಾವಾಗ ಒಪ್ಪಿದ್ದಾರೆ ಹೇಳಿ.

ದಾವಣಗೆರೆ: ಸಕ್ಕರೆ ಕಾಯಿಲೆ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ! ನಮ್ಮ ಅಪ್ಪನಿಗೆ 71, ಹಳೇ ಶುಗರ್. ಬಡ್ಸ್‌ನಿಂದಲೇ ಶುರು. ಹಗಲು ಹೇಗೋ ತಡೆಯುತ್ತಿದ್ದರು, ರಾತ್ರಿ ನೋವು ನೆತ್ತಿಗೇರುತ್ತಿತ್ತು. ಡ್ರಾಪ್ಸ್ ಹಾಕುತ್ತಲೇ ಇದ್ದೆವು, ಒಂದು ಬೆಳಗ್ಗೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಸೋಂಕು ತಲೆಬುರುಡೆಯ ಮೂಳೆಗೆ ಇಳಿದಿದೆ ಅಂದರು. ಸಿಟಿ ಸ್ಕ್ಯಾನ್ 4,500, ವಾರಗಟ್ಟಲೆ ಇಂಜೆಕ್ಷನ್, ಆಮೇಲೆ ಮನೆಯಲ್ಲಿ ಮಾತ್ರೆ. ಒಟ್ಟು 1,38,000, ಮನೆ ಪಕ್ಕದ ಸೈಟು ಮಾರಿದೆವು. ಅಂಥವರಿಗೆ ಮಾತ್ರೆ ಬೇಡ ಅಂತ ಹೇಳಿ ನೋಡೋಣ.

ಶಿವಮೊಗ್ಗದವಳು: ನಿಮ್ಮ ತಂದೆಯ ವಿಷಯ ಕೇಳಿ ತುಂಬಾ ಬೇಜಾರಾಯ್ತು ಅಣ್ಣ. ಆದರೆ ನಾನು ಯಾರಿಗೂ ಬೇಡ ಅಂದಿಲ್ಲ, ನೋಡದೆ ಕೊಟ್ಟಿದ್ದಕ್ಕೆ ಸಿಟ್ಟು.

ಕೇಳಿದವರು: ಒತ್ತಿ ನೋಡಿದೆ, ಅಲ್ಲೂ ನೋವಿದೆ. ಶುಗರ್ ಇಲ್ಲ. ನಾಳೆ ಇಎನ್‌ಟಿಗೆ ತೋರಿಸುತ್ತೇನೆ, ಮಾತ್ರೆ ಮುಟ್ಟಿಲ್ಲ. ಈಜಲು ಮತ್ತೆ ಯಾವಾಗ ಹೋಗಬಹುದು?

ಇಎನ್‌ಟಿ ಓಪಿಡಿ ಸಿಸ್ಟರ್: ಸುಮಾರು ಹತ್ತು ದಿನ ಕಿವಿಗೆ ನೀರೇ ಬೇಡ. ತಲೆ ಸ್ನಾನಕ್ಕೆ ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಬಾಯಿಗಿಟ್ಟುಕೊಳ್ಳಿ. ನೋವು ಹೋಗಿ ತುರಿಕೆ ಜಾಸ್ತಿಯಾದರೆ, ಬಿಳಿ ಪುಡಿಯೋ ಕಪ್ಪು ಚುಕ್ಕಿಯೋ ಕಂಡರೆ ಅದು ಫಂಗಸ್ ಇರಬಹುದು. ಅದೇ ಆಂಟಿಬಯೋಟಿಕ್ ಹನಿ ಮುಂದುವರಿಸಿದರೆ ಇನ್ನೂ ಬೆಳೆಯುತ್ತದೆ.

ಮಲ್ಪೆಯವ: ಸಮುದ್ರದ ನೀರಿಗೆ ಹೀಗಾಗಲ್ಲ, ಎಲ್ಲ ಪೂಲಿನ ಕ್ಲೋರಿನ್‌ದೇ ಕಾಟ.

ಇಬ್ಬರು ಮಕ್ಕಳ ಅಮ್ಮ: ನಮ್ಮ ಅಣ್ಣನಿಗೆ ಪಣಂಬೂರಿನಲ್ಲಿ ಈಜಿಯೇ ಬಂದಿದ್ದು. ಅದಕ್ಕೇನು ಹೇಳುತ್ತೀರಿ?