ಅಪ್‌ಡೇಟ್: ತಾರಸಿ ತೋಟಕ್ಕೆ ಸ್ಲ್ಯಾಬ್ ತಡೆಯುತ್ತಾ?

ನನ್ನ ಪ್ರಶ್ನೆ: ತಾರಸಿಯಲ್ಲಿ ಒಂದು ಅಡಿ ಮಣ್ಣಿನ ತೊಟ್ಟಿ ಕಟ್ಟಬಹುದಾ?

ಇಂಜಿನಿಯರ್ ಬೇಡ ಅಂದರು. ಒಂದು ಅಡಿ ಹಸಿ ಮಣ್ಣು ಅಂದ್ರೆ ಚದರ ಮೀಟರಿಗೆ ಸುಮಾರು 500 ಕೆಜಿ. ಓಡಾಡುವ ತಾರಸಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯೋದು 150 ಅಷ್ಟೇ. ಅದಕ್ಕೆ ತೊಟ್ಟಿ ಬಿಟ್ಟು, ಮಣ್ಣಿಗಿಂತ ಹಗುರವಾದ ಕೋಕೋಪೀಟ್ ಜಾಸ್ತಿ ಇರುವ ಗ್ರೋ ಬ್ಯಾಗುಗಳನ್ನು ಬೀಮ್ ಇರುವ ಕಡೆ ಮಾತ್ರ, ಬಿಡಿಬಿಡಿಯಾಗಿ ಇಟ್ಟಿದ್ದೇವೆ.

ವಾಟರ್‌ಪ್ರೂಫಿಂಗ್ ಮುಗಿದ ಮೇಲೆ ಎರಡು ದಿನ ನೀರು ನಿಲ್ಲಿಸಿದೆವು. ಕೆಳಗಿನ ಸೀಲಿಂಗ್‌ನಲ್ಲಿ ತೇವ ಕಾಣಲಿಲ್ಲ. ಆಮೇಲೆ ಬೇರು ತಡೆಯೋ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಹಾಸಿ, ಜೋಡಣೆಗಳನ್ನು ಬಿಸಿಯಲ್ಲಿ ಬೆಸೆಸಿದೆವು. ಬೇರು ನುಗ್ಗೋದು ಆ ಸಂದಿನಲ್ಲೇ ಅಲ್ವಾ!

ಬ್ಯಾಗುಗಳು ಸ್ಟ್ಯಾಂಡ್ ಮೇಲಿವೆ, ಅಡಿಯಲ್ಲಿ ನೀರು ಸಲೀಸಾಗಿ ಹರಿಯುತ್ತೆ. ಸ್ಟ್ಯಾಂಡಿನ ಕಾಲುಗಳು ಹಾಳೆಯನ್ನು ತೂತು ಮಾಡದಂತೆ ರಬ್ಬರ್ ತುಂಡು ಕೊಟ್ಟಿದ್ದೇವೆ. ಪೈಪ್ ಬಾಯಿಗೆ ಜಾಲರಿ ಹಾಕಿದ್ದೇವೆ, ಎಲೆಗಳನ್ನು ವಾರಕ್ಕೊಮ್ಮೆ ತೆಗೀತೀವಿ.